ಮೀಟರ್ ಫೋಟೊ ಕಳಿಸಿದ್ರೆ ಸಾಕಾ? ಬಾಡಿಗೆ ಅಂಗಡಿಯ ಕರೆಂಟ್ ಲೆಕ್ಕದಲ್ಲಿ ಎಲ್ಲಿ ತಪ್ಪುತ್ತೆ

ತಿಂಗಳ ಮೊದಲ ವಾರ. ಬಾಡಿಗೆದಾರರ ವಾಟ್ಸಾಪ್‌ಗೆ ಓನರ್ ಕಡೆಯಿಂದ ಒಂದು ಸಾಲಿನ ಮೆಸೇಜ್ ಬರುತ್ತೆ: ‘ಈ ತಿಂಗಳು ಕರೆಂಟ್ 1,132.’ ಎಷ್ಟು ಯೂನಿಟ್, ಯೂನಿಟ್‌ಗೆ ಎಷ್ಟು ರೂಪಾಯಿ ಅನ್ನೋ ವಿವರ ಇರಲ್ಲ. ಹೆಚ್ಚಿನವರು ಗೊಣಗಿಕೊಂಡು ಫೋನ್ ಪೇ ಮಾಡಿಬಿಡುತ್ತಾರೆ. ಕೆಲವರು ಮಾತ್ರ ಮೆಟ್ಟಿಲ ಕೆಳಗೆ ಹೋಗಿ ಸಬ್ ಮೀಟರ್ ಫೋಟೊ ತೆಗೆದು, ‘ಇಷ್ಟೊಂದು ಹೇಗಾಯ್ತು?’ ಅಂತ ವಾಪಸ್ ಕಳಿಸುತ್ತಾರೆ. ಅಲ್ಲಿಂದ ಶುರುವಾದ ಜಗಳ ಎಷ್ಟೋ ಕಡೆ ಅಂಗಡಿ ಖಾಲಿ ಮಾಡುವವರೆಗೂ ಹೋಗುತ್ತೆ.

ಫೋಟೊ ಕಳಿಸೋದು ಸರಿಯಾದ ದಾರಿಯೇ. ಆದರೆ ಆ ಫೋಟೊ ಎಷ್ಟು ಯೂನಿಟ್ ಓಡಿದೆ ಅನ್ನೋದನ್ನು ಮಾತ್ರ ಸಾಬೀತು ಮಾಡುತ್ತೆ. ಯೂನಿಟ್‌ಗೆ ಯಾವ ದರ ಹಾಕಿದರು, ಬೇರೆ ಯಾರದ್ದೋ ಕರೆಂಟ್ ನಮ್ಮ ಲೆಕ್ಕಕ್ಕೆ ಸೇರಿದೆಯಾ ಅನ್ನೋದು ಅದರಲ್ಲಿ ಕಾಣಲ್ಲ. ದುಡ್ಡು ಹೆಚ್ಚಾಗಿ ಸೋರೋದು ಇವೆರಡರಲ್ಲೇ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ತಾಲ್ಲೂಕು ಕೇಂದ್ರದ ಒಂದು ಕಟ್ಟಡ ಅಂದುಕೊಳ್ಳಿ. ಕೆಳಗೆ ಮೂರು ಅಂಗಡಿ: ಟೈಲರ್, ಬೇಕರಿ, ಮೊಬೈಲ್ ರಿಪೇರಿ. ಮೇಲೆ ಓನರ್ ಮನೆ. ಮೂರೂ ಅಂಗಡಿಗೆ ಸೇರಿ ಒಂದೇ ಕಮರ್ಷಿಯಲ್ ಮೀಟರ್, ಅಂದರೆ ಒಂದೇ ಆರ್‌ಆರ್ ನಂಬರ್. ಒಳಗೆ ಓನರ್ ತಾವೇ ಹಾಕಿಸಿದ ಮೂರು ಸಬ್ ಮೀಟರ್. ಓನರ್ ಮನೆಗೆ ಬೇರೆ ಆರ್‌ಆರ್ ನಂಬರ್, ಅದಕ್ಕೆ ಗೃಹಜ್ಯೋತಿ. 1,132 ರೂಪಾಯಿಯ ಮೆಸೇಜ್ ಬಂದಿದ್ದು ಟೈಲರ್‌ಗೆ.

ಟೈಲರ್ ಹತ್ತಿರ ಎರಡು ಫೋಟೊ ಇವೆ. ಹೋದ ತಿಂಗಳು 1ನೇ ತಾರೀಕು ತೆಗೆದದ್ದರಲ್ಲಿ ಕಪ್ಪು ಅಂಕಿ 04318, ಕೊನೆಯ ಕೆಂಪು ಅಂಕಿ 6. ಈ ತಿಂಗಳು 1ರಂದು ಕಪ್ಪು 04391, ಕೆಂಪು 6. ಆ ಕೆಂಪು ಅಂಕಿ ದಶಮಾಂಶ, ಅಂದರೆ ಯೂನಿಟ್‌ನ ಹತ್ತನೇ ಒಂದು ಭಾಗ. ಅದನ್ನೂ ಪೂರ್ತಿ ಅಂಕಿ ಅಂತ ಓದಿದರೆ 4391.6 ಅನ್ನೋದು 43,916 ಆಗಿಬಿಡುತ್ತೆ. ಎರಡೂ ತಿಂಗಳು ಹಾಗೇ ಓದಿದರೆ 73 ಯೂನಿಟ್ ಇದ್ದದ್ದು 730 ಆಗುತ್ತೆ. ಬಿಲ್ ಇದ್ದಕ್ಕಿದ್ದಂತೆ ಹತ್ತು ಪಟ್ಟು ಬಂತು ಅಂದರೆ ಮೊದಲು ನೋಡಬೇಕಾದ್ದು ಇದನ್ನೇ. ಇಲ್ಲಿ ಹಾಗಾಗಿಲ್ಲ. ಟೈಲರ್ ಖರ್ಚು ಮಾಡಿದ್ದು ಸರಿಯಾಗಿ 73 ಯೂನಿಟ್.

1,132 ಅನ್ನು 73ರಿಂದ ಭಾಗಿಸಿದರೆ ಯೂನಿಟ್‌ಗೆ ಹದಿನೈದೂವರೆ ರೂಪಾಯಿ. ಕಮರ್ಷಿಯಲ್ ಕರೆಂಟಾದರೂ ಇಷ್ಟು ಬೀಳುತ್ತಾ? ಈ ಪ್ರಶ್ನೆಗೆ ಸಬ್ ಮೀಟರ್ ಫೋಟೊದಲ್ಲಿ ಉತ್ತರ ಸಿಗಲ್ಲ. ಬೇಕಿರೋದು ಮೇನ್ ಮೀಟರ್‌ಗೆ ಎಸ್ಕಾಂ ಕೊಟ್ಟ ಬಿಲ್. ಹಾಗಾಗಿ ಟೈಲರ್ ಬರೆಯಬೇಕಾದ ಮೆಸೇಜ್ ಹೆಚ್ಚುಕಮ್ಮಿ ಹೀಗಿರಬೇಕು:

‘ಅಣ್ಣಾ ನಮಸ್ಕಾರ. ನಮ್ಮ ಸಬ್ ಮೀಟರ್‌ದು ಹೋದ ತಿಂಗಳು 1ನೇ ತಾರೀಕು 4318.6 ಇತ್ತು, ಈ ತಿಂಗಳು 1ಕ್ಕೆ 4391.6 ಇದೆ. ಎರಡೂ ಫೋಟೊ ಹಾಕಿದೀನಿ, ಮೀಟರ್ ನಂಬರ್ ಕಾಣುತ್ತೆ. 73 ಯೂನಿಟ್ ಆಯ್ತು. ನೀವು 1,132 ಹೇಳಿದ್ರಿ, ಯೂನಿಟ್‌ಗೆ ಹದಿನೈದೂವರೆ ಬೀಳ್ತಿದೆ. ಲೆಕ್ಕ ಹೇಗೆ ಹಾಕಿದ್ರಿ ಅಂತ ತಿಳಿಸಿ. ಎಸ್ಕಾಂ ಬಿಲ್‌ದು ಒಂದು ಫೋಟೊ ಕಳಿಸಿ ಅಣ್ಣಾ. ಸದ್ಯಕ್ಕೆ 700 ಹಾಕಿದೀನಿ, ಬಿಲ್ ನೋಡಿ ಬಾಕಿ ಇದ್ರೆ ಕೊಡ್ತೀನಿ.’

ಇದರಲ್ಲಿ ‘ಮೋಸ’ ಅನ್ನೋ ಪದ ಇಲ್ಲ. ದುಡ್ಡು ಪೂರ್ತಿ ತಡೆಹಿಡಿದಿಲ್ಲ. ನಾಳೆ ಓನರ್ ‘ಇವರು ಕರೆಂಟ್ ದುಡ್ಡೇ ಕೊಟ್ಟಿಲ್ಲ’ ಅನ್ನೋಕೆ ಜಾಗ ಉಳಿಯಲ್ಲ.

ಬಿಲ್ ಬಂದ ಮೇಲೆ

ಓನರ್ ಬಿಲ್ ಕಳಿಸಿದರು ಅನ್ನೋಣ. ಮೇನ್ ಮೀಟರ್‌ನಲ್ಲಿ 412 ಯೂನಿಟ್, ಕಟ್ಟಬೇಕಾದ ಮೊತ್ತ 3,940 ರೂಪಾಯಿ. ಜೊತೆಗೆ ಅವರ ಲೆಕ್ಕ: ಯೂನಿಟ್‌ಗೆ 12 ರೂಪಾಯಿಯಂತೆ 73ಕ್ಕೆ 876, ‘ಕಾಮನ್ ಕರೆಂಟ್’ ಅಂತ 256.

ಇಲ್ಲಿ ಬಾಡಿಗೆದಾರರೂ ಒಂದು ತಪ್ಪು ಮಾಡುತ್ತಾರೆ. ಬಿಲ್‌ನಲ್ಲಿ ಯೂನಿಟ್ ದರ ಅಂತ ಅಚ್ಚಾದ ಅಂಕಿಯನ್ನೇ ಹಿಡಿದು ‘ನಾನು ಅಷ್ಟೇ ಕೊಡೋದು’ ಅನ್ನುತ್ತಾರೆ. ಅದು ನ್ಯಾಯ ಅಲ್ಲ. ಆ ದರದ ಮೇಲೆ ಕಿಲೋವ್ಯಾಟ್ ಲೆಕ್ಕದ ನಿಗದಿತ ಶುಲ್ಕ ಇರುತ್ತೆ, ಶೇ 9ರ ವಿದ್ಯುತ್ ತೆರಿಗೆ ಇರುತ್ತೆ. ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತಿಗೆ ಅಂತ ಯೂನಿಟ್‌ಗೆ 36 ಪೈಸೆ ಸರ್‌ಚಾರ್ಜ್ ಬೇರೆ 2025ರ ಏಪ್ರಿಲ್‌ನಿಂದ ಶುರುವಾಯಿತು. ಇದೆಲ್ಲ ಓನರ್ ಜೇಬಿಗೆ ಹೋಗೋದಲ್ಲ. ಸರಳ ದಾರಿ ಅಂದರೆ ಪೂರ್ತಿ ಬಿಲ್ ಮೊತ್ತವನ್ನು ಪೂರ್ತಿ ಯೂನಿಟ್‌ನಿಂದ ಭಾಗಿಸೋದು. 3,940 ಭಾಗಿಸು 412, ಅಂದರೆ 9 ರೂಪಾಯಿ 56 ಪೈಸೆ. ಹಳೇ ಬಾಕಿ, ಬಡ್ಡಿ ಏನಾದರೂ ಬಿಲ್‌ನಲ್ಲಿ ಸೇರಿದ್ದರೆ ಅದನ್ನು ಮೊದಲೇ ಕಳೆಯಬೇಕು. ಓನರ್ ತಡವಾಗಿ ಕಟ್ಟಿದ್ದಕ್ಕೆ ಬಾಡಿಗೆದಾರರು ಹೊಣೆ ಅಲ್ಲ.

ಈ ಲೆಕ್ಕದಲ್ಲಿ ಟೈಲರ್ ಪಾಲು 698 ರೂಪಾಯಿ. 12 ರೂಪಾಯಿ ದರದಲ್ಲಿ 412 ಯೂನಿಟ್‌ಗೂ ವಸೂಲಿ ಮಾಡಿದರೆ ಓನರ್ ಕೈಗೆ 4,944 ಬರುತ್ತೆ. ಎಸ್ಕಾಂಗೆ ಕಟ್ಟೋದು 3,940. ತಿಂಗಳಿಗೆ ಸಾವಿರ ರೂಪಾಯಿ ಸುಮ್ಮನೆ ಉಳಿಯುತ್ತೆ. ‘ಎಲ್ಲ ಕಡೆ 12 ರೂಪಾಯಿನೇ ತಗೊಳ್ಳೋದು’ ಅನ್ನೋ ಮಾತು ಪೇಟೆಯಲ್ಲಿ ಮಾಮೂಲು. ಎಲ್ಲ ಕಡೆ ತಗೊಂಡ ಮಾತ್ರಕ್ಕೆ ಬಿಲ್ ಬದಲಾಗಲ್ಲವಲ್ಲ.

ಆ 64 ಯೂನಿಟ್ ಯಾರದ್ದು?

ಇನ್ನು ಆ 256 ರೂಪಾಯಿ. ಮೂರು ಸಬ್ ಮೀಟರ್ ಕೂಡಿಸಿ ನೋಡಿ: ಟೈಲರ್ 73, ಬೇಕರಿ 214, ಮೊಬೈಲ್ ಅಂಗಡಿ 61, ಒಟ್ಟು 348. ಮೇನ್ ಮೀಟರ್ ಹೇಳೋದು 412. ಉಳಿದ 64 ಯೂನಿಟ್ಟನ್ನು ಓನರ್ ಮೂವರಿಗೂ ಸಮ ಹಂಚಿದ್ದಾರೆ. ಮೆಟ್ಟಿಲ ಲೈಟ್ ಇದೆಯಲ್ಲ ಅನ್ನೋದು ಅವರ ಮಾತು.

ಮೆಟ್ಟಿಲಿಗೆ 9 ವ್ಯಾಟ್ ಎಲ್‌ಇಡಿ ಬಲ್ಬ್. ದಿನಕ್ಕೆ ಹತ್ತು ಗಂಟೆ ಉರಿದರೂ ತಿಂಗಳಿಗೆ ಮೂರು ಯೂನಿಟ್ ಆಗಲ್ಲ. 60 ಯೂನಿಟ್ ತಿನ್ನೋದು ಬೇರೆ ಏನೋ ಇರಬೇಕು. ಒಂದು ಎಚ್‌ಪಿ ನೀರಿನ ಮೋಟರ್ ಗಂಟೆಗೆ ಸುಮಾರು ಒಂದು ಯೂನಿಟ್ ಎಳೆಯುತ್ತೆ. ದಿನಕ್ಕೆ ಎರಡು ಗಂಟೆ ಓಡಿದರೆ ತಿಂಗಳಿಗೆ 60. ಆ ನೀರು ಹೋಗೋದು ಮಹಡಿ ಮನೆಯ ಟ್ಯಾಂಕಿಗೆ.

ಗೃಹಜ್ಯೋತಿ ಬಂದ ಮೇಲೆ ಈ ಅನುಮಾನಕ್ಕೆ ಕಾರಣ ಜಾಸ್ತಿಯಾಗಿದೆ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ಮನೆಯ ಬಳಕೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ದಾಟದಿದ್ದರೂ ಮನೆಗೆ ಗೊತ್ತುಮಾಡಿದ ಮಿತಿಗಿಂತ ಹೆಚ್ಚಾದಷ್ಟಕ್ಕೆ ದುಡ್ಡು ಕೊಡಬೇಕು. ಮೋಟರ್ ವೈರು ಮನೆ ಮೀಟರ್‌ನಲ್ಲಿದ್ದರೆ ಮಿತಿಗೆ ಹತ್ತಿರವಾಗುತ್ತೆ, ಅಂಗಡಿ ಮೀಟರ್‌ನಲ್ಲಿದ್ದರೆ ಮನೆ ಬಿಲ್ ಸೊನ್ನೆಯಲ್ಲೇ ಉಳಿಯುತ್ತೆ. ಬೇಕಂತಲೇ ಬದಲಾಯಿಸಿರಬೇಕು ಅಂತೇನೂ ಇಲ್ಲ. ಕಟ್ಟಡ ಕಟ್ಟುವಾಗಲೇ ಎಲೆಕ್ಟ್ರಿಷಿಯನ್ ಹಾಗೆ ಕೊಟ್ಟಿರಬಹುದು, ಓನರ್‌ಗೇ ಗೊತ್ತಿಲ್ಲದಿರಬಹುದು.

ಇದನ್ನು ಪತ್ತೆ ಮಾಡೋಕೆ ಯಾವ ಯಂತ್ರವೂ ಬೇಡ. ರಾತ್ರಿ ಮೂರೂ ಅಂಗಡಿಯ ಮೇನ್ ಸ್ವಿಚ್ ಆಫ್ ಮಾಡಿ. ಬೇಕರಿ ಫ್ರಿಜ್ ಹತ್ತು ನಿಮಿಷ ತಡೆದುಕೊಳ್ಳುತ್ತೆ. ಆಮೇಲೆ ಎಸ್ಕಾಂ ಮೀಟರ್ ಮುಂದೆ ನಿಂತು ಚಿಕ್ಕ ಕೆಂಪು ದೀಪ ನೋಡಿ. ಕರೆಂಟ್ ಓಡಿದಷ್ಟೂ ಅದು ಮಿಟುಕುತ್ತೆ. ಮೀಟರ್ ಮೇಲೆ 3200 imp/kWh ಅಂತ ಬರೆದಿದ್ದರೆ 3,200 ಸಲ ಮಿಟುಕಿದಾಗ ಒಂದು ಯೂನಿಟ್ ಅಂತ ಅರ್ಥ. ಬಲ್ಬ್ ಒಂದೇ ಉರಿಯುತ್ತಿದ್ದರೆ ಎರಡು ನಿಮಿಷಕ್ಕೊಮ್ಮೆ ಮಿಟುಕೋದೇ ಹೆಚ್ಚು. ಮೇಲಿನವರು ಮೋಟರ್ ಹಾಕಿದ ಕ್ಷಣ ಪಟಪಟ ಅಂತ ಮಿಟುಕೋಕೆ ಶುರುವಾದರೆ ಉತ್ತರ ಸಿಕ್ಕಿತು. ಇದನ್ನು ಓನರ್ ಜೊತೆಗೇ ನಿಂತು ನೋಡೋದು ಒಳ್ಳೇದು. ಕದ್ದು ವಿಡಿಯೊ ಮಾಡಿ ಕಳಿಸಿದರೆ ವಿಷಯ ಮೋಟರ್ ಬಿಟ್ಟು ಮರ್ಯಾದೆಗೆ ತಿರುಗುತ್ತೆ.

ಒಂದು ಎಚ್ಚರಿಕೆ ಇಲ್ಲಿದೆ. ಮೇನ್ ಮೀಟರ್ ರೀಡಿಂಗ್‌ಗೂ ಸಬ್ ಮೀಟರ್ ನೋಡಿದ್ದಕ್ಕೂ ನಾಲ್ಕೈದು ದಿನ ವ್ಯತ್ಯಾಸ ಇದ್ದರೆ ಒಂದು ತಿಂಗಳ ಕೂಡುವಿಕೆ ತಾಳೆ ಆಗಲ್ಲ. ಮೂರು ತಿಂಗಳು ಕೂಡಿಸಿ ನೋಡಿದರೂ ಅದೇ ಪ್ರಮಾಣದ ಅಂತರ ಇದ್ದರೆ ಮಾತ್ರ ಬೇರೆ ಲೋಡ್ ಇದೆ ಅನ್ನಬಹುದು. ಸಬ್ ಮೀಟರೇ ತಪ್ಪು ತೋರಿಸುತ್ತಿದ್ದರೆ ಎಸ್ಕಾಂನವರು ಕೈಹಾಕಲ್ಲ, ಅವರ ಜವಾಬ್ದಾರಿ ಅವರ ಮೀಟರ್‌ವರೆಗೆ. 1912ಕ್ಕೆ ಫೋನ್ ಮಾಡಿದರೂ ಸಿಗೋದು ಇದೇ ಉತ್ತರ.

ಫೋಟೊ ಬಗ್ಗೆ ಮತ್ತೆರಡು ಮಾತು. ಅಂಕಿಯಷ್ಟನ್ನೇ ಹತ್ತಿರದಿಂದ ತೆಗೆದರೆ ‘ಇದು ನಿಮ್ಮ ಮೀಟರ್ ಅಂತ ಏನ್ ಗ್ಯಾರಂಟಿ?’ ಅನ್ನೋ ಪ್ರಶ್ನೆ ಬರುತ್ತೆ. ಮೀಟರ್ ಸೀರಿಯಲ್ ನಂಬರ್, ಅಂಕಿ ಎರಡೂ ಒಂದೇ ಫೋಟೊದಲ್ಲಿರಬೇಕು. ಸ್ಕ್ರೀನ್‌ಶಾಟ್ ಕಳಿಸೋದಾದರೆ ಗ್ಯಾಲರಿಯಲ್ಲಿ ಫೋಟೊದ ತಾರೀಕು, ಸಮಯ ಕಾಣುವಂತೆ ತೆಗೆಯಿರಿ, ಮೂಲ ಫೋಟೊ ಅಳಿಸಬೇಡಿ. ಇದಕ್ಕಿಂತ ಗಟ್ಟಿ ದಾರಿ ಇನ್ನೊಂದಿದೆ. ಜಗಳ ಇರಲಿ ಬಿಡಲಿ, ಪ್ರತಿ 1ನೇ ತಾರೀಕು ಓನರ್ ನಂಬರ್‌ಗೆ ಮೀಟರ್ ಫೋಟೊ ಹಾಕಿಬಿಡೋದು. ಆಗ ತಾರೀಕು ಇಬ್ಬರ ಫೋನ್‌ನಲ್ಲೂ ಕೂತಿರುತ್ತೆ, ಆಮೇಲೆ ತೆಗೆದದ್ದು ಅನ್ನೋ ಮಾತೇ ಬರಲ್ಲ.

ಮನೆ ಬಾಡಿಗೆಯಲ್ಲಿರುವವರದ್ದು ಸ್ವಲ್ಪ ಬೇರೆ ಕತೆ. ಒಂದೇ ಆರ್‌ಆರ್ ನಂಬರ್‌ನಲ್ಲಿ ಎರಡು ಮೂರು ಸಂಸಾರ ಇದ್ದು, ಆ ನಂಬರ್‌ಗೆ ಗೃಹಜ್ಯೋತಿಯ ಸೊನ್ನೆ ಬಿಲ್ ಬರುತ್ತಿದ್ದರೂ ಬಾಡಿಗೆದಾರರಿಂದ ಯೂನಿಟ್ ಲೆಕ್ಕದಲ್ಲಿ ದುಡ್ಡು ತಗೊಳ್ಳೋದು ನಡೆದೇ ಇದೆ. ಅಲ್ಲೂ ಕೇಳಬೇಕಾದ್ದು ಎಸ್ಕಾಂ ಬಿಲ್ಲನ್ನೇ. ಮನೆಗೆ ಪ್ರತ್ಯೇಕ ಆರ್‌ಆರ್ ನಂಬರ್ ಇದ್ದರೆ ಬಾಡಿಗೆದಾರರೇ ತಮ್ಮ ಆಧಾರ್ ಜೋಡಿಸಿ ಸೇವಾಸಿಂಧುನಲ್ಲಿ ಯೋಜನೆಗೆ ಸೇರಬಹುದು.

ಮಾತುಕತೆ ಮುರಿದುಬಿದ್ದರೆ? 2003ರ ವಿದ್ಯುತ್ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಕಟ್ಟಡದ ಮಾಲೀಕರಷ್ಟೇ ಅಲ್ಲ, ಅಲ್ಲಿ ವಾಸ ಅಥವಾ ವ್ಯವಹಾರ ಮಾಡುವವರೂ ಸಂಪರ್ಕಕ್ಕೆ ಅರ್ಜಿ ಹಾಕಬಹುದು. ಓನರ್ ಎನ್‌ಒಸಿ ಕೊಡಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಬಾಡಿಗೆದಾರರಿಗೆ ಕರೆಂಟ್ ನಿರಾಕರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಮೇನಲ್ಲಿ ಹೇಳಿದೆ. ಆದರೆ ಕಾಗದದ ಮೇಲಿರೋದು ಬೇರೆ, ಕೌಂಟರ್‌ನಲ್ಲಿ ನಡೆಯೋದು ಬೇರೆ. ಕರಾರು ಪತ್ರ ಇಲ್ಲದ ಬಾಡಿಗೆದಾರರಿಗೆ ತಾವು ಅಲ್ಲಿರೋದನ್ನು ತೋರಿಸೋದೇ ಕಷ್ಟ. ಕಟ್ಟಡಕ್ಕೆ ಒಸಿ ಇಲ್ಲದಿದ್ದರೆ 2024ರ ಡಿಸೆಂಬರ್‌ನ ಇನ್ನೊಂದು ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹೊಸ ಸಂಪರ್ಕವೇ ಕಗ್ಗಂಟಾಗಿದೆ.

ಹಾಗಾಗಿ ಟೈಲರ್ ಮುಂದೆ ಉಳಿಯೋದು ಓನರ್ ಜೊತೆಗಿನ ಲೆಕ್ಕವೇ. 698 ರೂಪಾಯಿಗೆ ಓನರ್ ಒಪ್ಪಬಹುದು, ಬಿಲ್ ಕಣ್ಣ ಮುಂದೆ ಇದೆ. ಮೋಟರ್ ವೈರನ್ನು ಮನೆ ಮೀಟರ್‌ಗೆ ಹಾಕಿಸೋದು ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ. ಅದನ್ನು ಕೇಳೋಕೆ ಮಾತ್ರ ಟೈಲರ್ ಒಬ್ಬರೇ ಹೋದರೆ ಸಾಲದು, ಬೇಕರಿಯವರೂ ಮೊಬೈಲ್ ಅಂಗಡಿಯವರೂ ಜೊತೆಗಿರಬೇಕು. ಆ 64 ಯೂನಿಟ್ ಹಂಚಿಕೆಯಾಗಿರೋದು ಮೂವರಿಗೂ.