ರೂಪ ನೋಡದೆ ಲೋಪಿತಾಲ್ ನಿಯಮ: ಆಕ್ಷೇಪಗಳಿಗೆ ಉತ್ತರ

ಲಿಮಿಟ್ ಲೆಕ್ಕದಲ್ಲಿ ಲೋಪಿತಾಲ್ ನಿಯಮ ಬಳಸುವಾಗ ಪ್ರತಿ ಹೆಜ್ಜೆಯ ಪಕ್ಕದಲ್ಲೂ ಆ ಹೆಜ್ಜೆಯ ರೂಪ ಬರೆಯಬೇಕು. 0/0 ಅಥವಾ ∞/∞ ಅಲ್ಲದ ಕಡೆ ನಿಯಮ ಹಚ್ಚಿದ್ದರೆ ಆ ಹೆಜ್ಜೆಗೆ ಅಂಕ ಕೊಡಬಾರದು. ನಾನು ಹೀಗೆ ಬರೆದದ್ದಕ್ಕೆ ಪಿಯು ತರಗತಿಗಳಿಗೆ, ಸಿಇಟಿ ತರಬೇತಿಗೆ ಪಾಠ ಹೇಳುವ ಹಲವರು ತಕರಾರು ಎತ್ತಿದ್ದಾರೆ. ಅವರ ಮಾತುಗಳಲ್ಲಿ ಒಂದನ್ನು ಒಪ್ಪುತ್ತೇನೆ, ಉಳಿದವನ್ನು ಒಪ್ಪಲಾರೆ. ಏಕೆಂದು ಹೇಳುವ ಮೊದಲು ವಿವಾದದ ಲೆಕ್ಕವನ್ನೇ ಮುಂದಿಡುತ್ತೇನೆ.

x ಸೊನ್ನೆಯ ಕಡೆ ಹೋಗುವಾಗ (e^(2x) − 1)/(x² + 3x) ಇದರ ಲಿಮಿಟ್ ಬೇಕು. x = 0 ಹಾಕಿದರೆ ಅಂಶ 0, ಛೇದ 0. ನಿಯಮ ಬಳಸಬಹುದು. ಅಂಶ, ಛೇದ ಎರಡನ್ನೂ ಬೇರೆ ಬೇರೆಯಾಗಿ ಡಿಫರೆನ್ಷಿಯೇಟ್ ಮಾಡಿದರೆ 2e^(2x)/(2x + 3) ಬರುತ್ತದೆ. ಈಗ x = 0 ಹಾಕಿದರೆ 2/3. ಲೆಕ್ಕ ಇಲ್ಲಿಗೆ ಮುಗಿಯಿತು. ಆದರೆ ಛೇದದಲ್ಲಿ ಇನ್ನೂ x ಕಾಣುತ್ತಿದೆಯಲ್ಲ ಎಂದುಕೊಂಡು ವಿದ್ಯಾರ್ಥಿ ಮತ್ತೊಮ್ಮೆ ಡಿಫರೆನ್ಷಿಯೇಟ್ ಮಾಡುತ್ತಾನೆ: 4e^(2x)/2. x = 0 ಹಾಕಿ ಉತ್ತರ 2 ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಾನೆ. ಮೂಲ ಭಿನ್ನರಾಶಿಯಲ್ಲಿ x = 0.01 ಹಾಕಿ ನೋಡಿದರೆ 0.671 ಬರುತ್ತದೆ, x = 0.001 ಹಾಕಿದರೆ 0.6671. ಬೆಲೆ 2/3ರ ಹತ್ತಿರ ಸರಿಯುತ್ತಿದೆ, 2ರ ಸನಿಹಕ್ಕೂ ಬರುವುದಿಲ್ಲ.

ಮೊದಲ ಆಕ್ಷೇಪ: ಇದು ಅತ್ಯುತ್ಸಾಹದಲ್ಲಿ ಒಂದು ಹೆಜ್ಜೆ ಮುಂದೆ ಹೋದದ್ದಷ್ಟೆ, ವಿಧಾನ ಗೊತ್ತಿರುವುದರಿಂದ ಅರ್ಧಕ್ಕಿಂತ ಹೆಚ್ಚು ಅಂಕ ಸಲ್ಲಬೇಕು. ಮೊದಲ ಹೆಜ್ಜೆಗೆ ಅಂಕ ಕೊಡಲು ನನ್ನ ಅಡ್ಡಿಯಿಲ್ಲ. ಆದರೆ ಎರಡನೆಯ ಹೆಜ್ಜೆ ವಿಧಾನದ ಮುಂದುವರಿಕೆ ಅಲ್ಲ. ಅಲ್ಲಿ ಪ್ರಶ್ನೆಯೇ ಬದಲಾಗಿದೆ. ಇದನ್ನು ಕಾಣಬೇಕಾದರೆ ನಿಯಮದ ಬುಡಕ್ಕೆ ಹೋಗಬೇಕು. ನಿಯಮದ ಸಾಧನೆ ನಿಂತಿರುವುದು ಕೋಶಿಯ ಮಧ್ಯಮಾನ ಪ್ರಮೇಯದ ಮೇಲೆ. ಆ ಪ್ರಮೇಯ ಹೇಳುವುದು ಇಷ್ಟು: a ಮತ್ತು x ನಡುವೆ ಎಲ್ಲೋ ಒಂದು c ಇದ್ದು, ಅಲ್ಲಿ

```
[f(x) − f(a)] / [g(x) − g(a)] = f′(c) / g′(c)
```

x ಬಂದು a ಯನ್ನು ಸಮೀಪಿಸಿದಾಗ ನಡುವಿನ c ಕೂಡ a ಯ ಕಡೆಗೇ ಹೋಗಬೇಕು. ಹಾಗಾಗಿ ಬಲಗಡೆಯ ಲಿಮಿಟ್ ತಿಳಿದರೆ ಎಡಗಡೆಯದೂ ತಿಳಿಯುತ್ತದೆ. ಆದರೆ ಎಡಗಡೆ ಇರುವುದೇನು? f(x)/g(x) ಅಲ್ಲ, f(a) ಮತ್ತು g(a) ಕಳೆದ ಮೇಲೆ ಉಳಿದದ್ದರ ಭಾಗಲಬ್ಧ. f(a), g(a) ಎರಡೂ ಸೊನ್ನೆಯಾಗಿದ್ದರೆ ಕಳೆದರೂ ವ್ಯತ್ಯಾಸವಿಲ್ಲ, ಎಡಗಡೆ f(x)/g(x) ಆಗಿಯೇ ಉಳಿಯುತ್ತದೆ. ನಿಯಮಕ್ಕೆ 0/0 ಷರತ್ತು ಬಂದದ್ದು ಇಲ್ಲಿಂದ.

ಈ ಕಣ್ಣಿನಿಂದ ಮೇಲಿನ ತಪ್ಪನ್ನು ನೋಡಿ. ಎರಡನೆಯ ಸಾಲಿನಲ್ಲಿ ಅಂಶದ ಬೆಲೆ 2, ಛೇದದ ಬೆಲೆ 3. ಅಲ್ಲಿ ನಿಯಮ ಹಚ್ಚಿದಾಗ ಅದು ಲೆಕ್ಕ ಮಾಡಿದ್ದು (2e^(2x) − 2)/(2x) ಎಂಬುದರ ಲಿಮಿಟನ್ನು. ಅದರ ಲಿಮಿಟ್ ನಿಜಕ್ಕೂ 2. ವಿದ್ಯಾರ್ಥಿ ಬರೆದ ಉತ್ತರ ಸರಿಯೇ, ಆದರೆ ನಾವು ಕೇಳದೇ ಇದ್ದ ಪ್ರಶ್ನೆಗೆ. ಅಂಶದಿಂದ 2, ಛೇದದಿಂದ 3 ಸದ್ದಿಲ್ಲದೆ ಬಿದ್ದುಹೋಗಿವೆ. ಬೇಕಾಗಿದ್ದ ಉತ್ತರ ಅವೆರಡರ ಭಾಗಲಬ್ಧವೇ ಆಗಿತ್ತು. ಇಂಥದ್ದನ್ನು ಅತ್ಯುತ್ಸಾಹ ಎಂದು ಬಿಟ್ಟುಬಿಡುವುದು ನನಗೆ ಒಪ್ಪಿಗೆಯಿಲ್ಲ. ಷರತ್ತು ಆಮೇಲೆ ಬಂದವರು ಅಂಟಿಸಿದ ಶಿಸ್ತು ಎನ್ನುವುದೂ ಸರಿಯಲ್ಲ. 1696ರಲ್ಲಿ ಲೋಪಿತಾಲ್ ಅಚ್ಚು ಹಾಕಿಸಿದ ಪುಸ್ತಕದಲ್ಲೇ, ಯೊಹಾನ್ ಬರ್ನೂಲಿಯಿಂದ ಕಲಿತ ಈ ನಿಯಮವನ್ನು ಹೇಳಿರುವುದು ಅಂಶ ಮತ್ತು ಛೇದ ಎರಡೂ ಒಂದೇ ಬಿಂದುವಿನಲ್ಲಿ ಸೊನ್ನೆಯಾಗುವ ಭಿನ್ನರಾಶಿಗೆ.

ಎರಡನೆಯ ಆಕ್ಷೇಪ ಹೆಚ್ಚು ಜನರದ್ದು: ರೂಪ ನೋಡದೆ ಮಾಡಿದರೂ ಎಷ್ಟೋ ಸಲ ಉತ್ತರ ಸರಿ ಬರುತ್ತದೆ, ಸರಿ ಬಂದ ಉತ್ತರಕ್ಕೆ ಅಂಕ ಕಡಿಯುವುದು ಯಾವ ನ್ಯಾಯ? ಒಬ್ಬ ಉಪನ್ಯಾಸಕರು ಉದಾಹರಣೆಯನ್ನೂ ಕೊಟ್ಟಿದ್ದಾರೆ. x ಸೊನ್ನೆಗೆ ಹೋಗುವಾಗ (2 + 2x)/(1 + x + x²). ನೇರವಾಗಿ ಹಾಕಿದರೆ 2. ನಿಯಮ ಹಚ್ಚಿದರೆ 2/(1 + 2x), ಅದೂ 2.

ಉದಾಹರಣೆ ಸರಿಯಾಗಿದೆ, ಅದಕ್ಕೇ ಅದನ್ನು ಬಿಡಿಸಿ ನೋಡಬೇಕು. f(a)/g(a) ಮತ್ತು f′(a)/g′(a) ಸಮವಾಗಬೇಕಾದರೆ f′(a)g(a) − f(a)g′(a) ಸೊನ್ನೆಯಾಗಬೇಕು. ಭಾಗಲಬ್ಧದ ಸೂತ್ರ ಬಲ್ಲವರಿಗೆ ಇದು ಪರಿಚಿತ ಮುಖ: f/g ಯನ್ನು ಡಿಫರೆನ್ಷಿಯೇಟ್ ಮಾಡಿದಾಗ ಮೇಲೆ ಬರುವುದು ಇದೇ. ಅಂದರೆ, g(a) ಮತ್ತು g′(a) ಸೊನ್ನೆಯಲ್ಲದಿದ್ದಾಗ, ನಿರ್ಧಾರ್ಯ ರೂಪಕ್ಕೆ ನಿಯಮ ಹಚ್ಚಿಯೂ ಸರಿ ಉತ್ತರ ಬರುವುದು f/g ಯ ಗ್ರಾಫ್ ಆ ಬಿಂದುವಿನಲ್ಲಿ ಸಪಾಟಾಗಿದ್ದರೆ ಮಾತ್ರ. ಅವರ ಉದಾಹರಣೆಯಲ್ಲಿ ಆಗಿರುವುದೂ ಅದೇ: x = 0.1 ಹಾಕಿದರೆ 1.98, x = −0.1 ಹಾಕಿದರೂ 1.98, ನಡುವೆ 0ಯಲ್ಲಿ 2. ಗ್ರಾಫಿನ ನೆತ್ತಿ ಸರಿಯಾಗಿ ಸೊನ್ನೆಯ ಮೇಲೇ ಕೂತಿದೆ. ಅಂಶದ 2x ಅನ್ನು 3x ಮಾಡಿ ನೋಡಿ. ನಿಜವಾದ ಲಿಮಿಟ್ ಇನ್ನೂ 2, ನಿಯಮ ಹೇಳುವುದು 3. ವಿದ್ಯಾರ್ಥಿಗೆ ಗ್ರಾಫ್ ಎಲ್ಲಿ ಸಪಾಟಾಗಿದೆ ಎಂದು ಮೊದಲೇ ಗೊತ್ತಿರುವುದಿಲ್ಲ. ಹಾಗಿರುವಾಗ ಆ ಸರಿ ಉತ್ತರ ಅವನ ಕೆಲಸದ ಫಲ ಎಂದು ನಾನು ಹೇಗೆ ಒಪ್ಪಲಿ?

ಇದಕ್ಕಿಂತ ಕೆಟ್ಟ ಸಂದರ್ಭವೂ ಇದೆ. x ಬಲಗಡೆಯಿಂದ ಸೊನ್ನೆಗೆ ಬರುವಾಗ (ln x)/x. ಅಂಶ −∞ ಕಡೆಗೆ, ಛೇದ ಧನಾತ್ಮಕವಾಗಿಯೇ ಸೊನ್ನೆಯ ಕಡೆಗೆ. ಇದು ಅನಿರ್ಧಾರ್ಯ ಅಲ್ಲ. ದೊಡ್ಡ ಋಣಸಂಖ್ಯೆಯನ್ನು ಸಣ್ಣ ಧನಸಂಖ್ಯೆಯಿಂದ ಭಾಗಿಸಿದರೆ ಇನ್ನೂ ದೊಡ್ಡ ಋಣಸಂಖ್ಯೆ; x = 0.01 ಆದಾಗ ಬೆಲೆ ಸುಮಾರು −460, x = 0.001 ಆದಾಗ ಸುಮಾರು −6908. ಲಿಮಿಟ್ −∞. ಒಂದು ಕಡೆ ಅನಂತ, ಇನ್ನೊಂದು ಕಡೆ ಸೊನ್ನೆ ಕಂಡ ಕೂಡಲೇ ನಿಯಮ ಹಚ್ಚುವವರು ಬರೆಯುವುದು (1/x)/1, ಅಂದರೆ +∞. ಚಿಹ್ನೆಯೇ ತಿರುಗಿಹೋಯಿತು.

ಮೂರನೆಯ ಆಕ್ಷೇಪವೇ ನಾನು ಒಪ್ಪುವಂಥದ್ದು, ಅದನ್ನು ಎತ್ತಿದವರು ವಿಷಯ ಚೆನ್ನಾಗಿ ಬಲ್ಲವರು. ಛೇದ ಅನಂತಕ್ಕೆ ಹೋಗುತ್ತಿದ್ದರೆ ಅಂಶ ಎಲ್ಲಿಗೆ ಹೋಗುತ್ತದೆ ಎಂಬುದು ಬೇಕಿಲ್ಲ, f′/g′ಗೆ ಲಿಮಿಟ್ ಇದ್ದರೆ ಸಾಕು, ನಿಯಮ ನಿಲ್ಲುತ್ತದೆ ಎನ್ನುತ್ತಾರೆ ಅವರು. ನಿಜ. ನಿಯಮದ ಉಳಿದ ಷರತ್ತುಗಳು ಸರಿಯಿದ್ದರೆ ಪ್ರಮೇಯವನ್ನು ಹಾಗೆಯೇ ಸಾಧಿಸಬಹುದು. ನಾನು ಬರೆದ ∞/∞ ಷರತ್ತು ಬೇಕಾದ್ದಕ್ಕಿಂತ ಬಿಗಿಯಾಗಿತ್ತು. x ಅನಂತಕ್ಕೆ ಹೋಗುವಾಗ (2 + 1/x)/x ಎಂಬಲ್ಲಿ ಅಂಶ ಬರೀ 2ರ ಕಡೆ ಹೋಗುತ್ತದೆ. ನಿಯಮ ಹಚ್ಚಿದರೆ −1/x², ಲಿಮಿಟ್ 0, ಸರಿ ಉತ್ತರ. ಇಲ್ಲಿ ಅಂಕ ಕಡಿಯುವುದು ತಪ್ಪು, ಅಷ್ಟರ ಮಟ್ಟಿಗೆ ನನ್ನ ಸಲಹೆಯನ್ನು ತಿದ್ದಿಕೊಳ್ಳುತ್ತೇನೆ. ಆದರೆ ಈ ಸಡಿಲಿಕೆಯ ಎಲ್ಲೆ ಎಲ್ಲಿದೆ ನೋಡಿ. (sin x)/x ತೆಗೆದುಕೊಳ್ಳಿ. x ಅನಂತಕ್ಕೆ ಹೋಗುವಾಗ ನಿಯಮ cos x ಕೊಡುತ್ತದೆ. ಅದು ತೂಗಾಡುತ್ತಲೇ ಇರುತ್ತದೆ, ಅದಕ್ಕೆ ಲಿಮಿಟ್ ಇಲ್ಲ. ಹಾಗೆಂದು ಮೂಲ ಲಿಮಿಟ್ ಇಲ್ಲ ಎಂದು ಬರೆದರೆ ತಪ್ಪಾಯಿತು. sin x ಯಾವಾಗಲೂ −1 ಮತ್ತು 1ರ ನಡುವೆಯೇ ಇರುವುದರಿಂದ ಲಿಮಿಟ್ 0. ಇನ್ನು ಛೇದ ಸಾಂತವಾಗಿ ನಿಂತಿರುವಾಗ, ಅಥವಾ ಅಂಶ ಸೊನ್ನೆಯಾಗದೆ ಛೇದ ಮಾತ್ರ ಸೊನ್ನೆಯಾಗುವಾಗ ಈ ಸಡಿಲಿಕೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಪಿಯು ಮಟ್ಟದ ತಪ್ಪುಗಳು ಹೆಚ್ಚಾಗಿ ಬೀಳುವುದು ಆ ಎರಡು ಜಾಗಗಳಲ್ಲೇ.

ಸಮಯದ ಮಾತು ಬೇಗ ಮುಗಿಯುತ್ತದೆ. ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಪ್ರತಿ ಹೆಜ್ಜೆಯಲ್ಲೂ ರೂಪ ನೋಡುತ್ತ ಕೂತರೆ ಆಗುತ್ತದೆಯೇ ಎಂಬುದು ಪ್ರಶ್ನೆ. ರೂಪ ನೋಡುವುದೆಂದರೆ x ಜಾಗದಲ್ಲಿ ಬೆಲೆ ಹಾಕುವುದು. ಹಾಕಿದಾಗ 2/3 ಬಂದರೆ ಅದೇ ಉತ್ತರ, ಇನ್ನೇನೂ ಮಾಡಬೇಕಿಲ್ಲ. ಎರಡನೆಯ ಸಲ ಡಿಫರೆನ್ಷಿಯೇಟ್ ಮಾಡಿದ ಹುಡುಗನೇ ಹೆಚ್ಚು ಹೊತ್ತು ಕಳೆದದ್ದು, ಅದೂ ತಪ್ಪು ಉತ್ತರಕ್ಕಾಗಿ. ಪ್ರಶ್ನೆ ತೆಗೆಯುವವರಿಗೆ ಈ ತಪ್ಪು ಚೆನ್ನಾಗಿ ಗೊತ್ತು. ನಾಲ್ಕು ಆಯ್ಕೆಗಳಲ್ಲಿ 2 ಕೂಡ ಇದ್ದರೆ ಅವನಿಗೆ ಅನುಮಾನ ಹುಟ್ಟಲು ಕಾರಣವೂ ಉಳಿಯುವುದಿಲ್ಲ.

ಕೊನೆಯದು ಮನೆಯಲ್ಲಿ ಅಭ್ಯಾಸ ಮಾಡುವವರ ಪರವಾಗಿ ಬಂದದ್ದು: ಸಣ್ಣ x ಹಾಕಿ ಕ್ಯಾಲ್ಕುಲೇಟರಿನಲ್ಲಿ ತಾಳೆ ನೋಡಿದರೆ ಆಯಿತಲ್ಲ, ರೂಪ ಬರೆಯುವ ಹಟವೇಕೆ? ತಾಳೆ ನೋಡಲೇಬೇಕು, ನಾನೂ ಮೇಲೆ ಅದನ್ನೇ ಮಾಡಿದ್ದೇನೆ. ಆದರೆ ಕ್ಯಾಲ್ಕುಲೇಟರಿಗೂ ಅದರದೇ ಷರತ್ತುಗಳಿವೆ. (1 − cos x)/x² ಇದರ ಲಿಮಿಟ್ 1/2. ರೇಡಿಯನ್ ಮೋಡ್‌ನಲ್ಲಿ x = 0.01 ಹಾಕಿದರೆ 0.499996 ಬರುತ್ತದೆ. ಡಿಗ್ರಿ ಮೋಡ್‌ನಲ್ಲಿಟ್ಟು ಹಾಕಿದರೆ 0.00015. x ಇನ್ನೂ ಚಿಕ್ಕದಿದ್ದರೆ ಉತ್ತರ ಇನ್ನೂ ನಿಖರ ಎಂದು 0.000000001 ಹಾಕಿದರೆ cos x ಬೆಲೆಯನ್ನು ಯಂತ್ರ 1 ಎಂದೇ ದುಂಡಾಗಿಸುತ್ತದೆ, ಪರದೆಯ ಮೇಲೆ 0 ಕಾಣುತ್ತದೆ. 0.01 ಅಥವಾ 0.001, ಅದರ ಜೊತೆಗೆ ಅವುಗಳದೇ ಋಣಬೆಲೆ, ಇಷ್ಟು ಸಾಕು.

ಅದಕ್ಕಿಂತ ಮುಖ್ಯವಾಗಿ, ಉತ್ತರ ತಪ್ಪು ಎಂದಷ್ಟೇ ಯಂತ್ರ ಹೇಳುತ್ತದೆ. ತಪ್ಪಿದ್ದು ಯಾವ ಸಾಲಿನಲ್ಲಿ ಎಂದು ಹೇಳುವುದಿಲ್ಲ. ಅದನ್ನು ಕಂಡುಹಿಡಿಯಲು ಬರೆದ ಲೆಕ್ಕದ ಮೇಲಿನ ಸಾಲಿನಿಂದಲೇ ಶುರುಮಾಡಿ, ಪ್ರತಿ ಭಿನ್ನರಾಶಿಯಲ್ಲೂ x ಬೆಲೆ ಹಾಕಿ, ಬಂದದ್ದನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತ ಕೆಳಗೆ ಬನ್ನಿ. 0/0 ಬಂದರೆ ಮುಂದಿನ ಸಾಲಿಗೆ ಹೋಗಿ. ಸೊನ್ನೆಯಲ್ಲದ ಸಂಖ್ಯೆಯ ಕೆಳಗೆ ಸೊನ್ನೆ ಬಂದರೆ ಡಿಫರೆನ್ಷಿಯೇಟ್ ಮಾಡುವುದನ್ನು ನಿಲ್ಲಿಸಿ, ಎಡಗಡೆಯಿಂದ ಮತ್ತು ಬಲಗಡೆಯಿಂದ ಬರುವ ಚಿಹ್ನೆ ನೋಡಿ: (cos x)/x ನಲ್ಲಿ 0.1ಕ್ಕೆ 9.95, −0.1ಕ್ಕೆ −9.95, ಆದ್ದರಿಂದ ಲಿಮಿಟ್ ಇಲ್ಲ. ನಿಯಮ ಹಚ್ಚಿದ್ದರೆ 0 ಎಂದು ಬರೆದಿರುತ್ತಿದ್ದಿರಿ. ಛೇದ ಸೊನ್ನೆಯಾಗದೆ ಸಾಂತ ಸಂಖ್ಯೆಯೊಂದು ಮೊದಲು ಸಿಕ್ಕ ಸಾಲು ಯಾವುದೋ ಅಲ್ಲೇ ಉತ್ತರವಿದೆ, ಅದರ ಕೆಳಗಿನ ಸಾಲುಗಳನ್ನೆಲ್ಲ ಹೊಡೆದುಹಾಕಬಹುದು.