ಕಳೆದದ್ದು ಕಾರ್ಡು, ಪರವಾನಗಿ ಅಲ್ಲ

ಪುಣೆಯ ಕೋಥರೂಡದಲ್ಲಿ ಬಾಡಿಗೆ ಕಾರು ಓಡಿಸುವ ಒಬ್ಬ ಚಾಲಕನನ್ನು ಊಹಿಸಿಕೊಳ್ಳಿ. ಊರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು, ಲೈಸೆನ್ಸ್ ಕೆಎ-28ರದ್ದು. ಒಂದು ಸಂಜೆ ವನಾಜ್ ಮೆಟ್ರೊ ನಿಲ್ದಾಣದ ಬಳಿ ಅವನ ಪಾಕೀಟು ಕಾಣೆಯಾಗುತ್ತದೆ. ದುಡ್ಡು ಹೋದದ್ದಕ್ಕಿಂತ ಲೈಸೆನ್ಸ್ ಹೋದದ್ದೇ ಅವನಿಗೆ ದೊಡ್ಡ ಚಿಂತೆ. ಮರುದಿನ ಗಾಡಿ ತೆಗೆಯುವುದೋ ಬೇಡವೋ ಎಂಬುದೇ ಗೊತ್ತಾಗದೆ ಎರಡು ದಿನದ ಬಾಡಿಗೆ ಬಿಟ್ಟು ಮನೆಯಲ್ಲಿ ಕೂರುತ್ತಾನೆ.

ಹಾಗೆ ಕೂರಬೇಕಾದ ಅಗತ್ಯ ಇರಲಿಲ್ಲ. ಪರವಾನಗಿ ಎಂಬುದು ಸಾರಿಗೆ ಇಲಾಖೆಯ ದಾಖಲೆಯಲ್ಲಿರುವ ಒಂದು ನಮೂದು, ಕಾರ್ಡು ಅದರ ಗುರುತು ಮಾತ್ರ. ಪರವಾನಗಿಯೇ ಇಲ್ಲದೆ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 181ನೇ ಕಲಮಿನಂತೆ 5,000 ರೂಪಾಯಿ ದಂಡ. ಪರವಾನಗಿ ಇದ್ದು, ಕಾರ್ಡು ಮಾತ್ರ ಜೊತೆಯಲ್ಲಿ ಇಲ್ಲದಿರುವುದು ಬೇರೆಯೇ ಸಂಗತಿ. 2018ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮ 139ಕ್ಕೆ ತಿದ್ದುಪಡಿಯಾದ ಮೇಲೆ ಲೈಸೆನ್ಸನ್ನು ವಿದ್ಯುನ್ಮಾನ ರೂಪದಲ್ಲೂ ತೋರಿಸಬಹುದು. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ಇಳಿಸಿಕೊಂಡ ಲೈಸೆನ್ಸ್ ಸಾಕು. ಮೊಬೈಲಿನಲ್ಲಿ ತೆಗೆದಿಟ್ಟ ಕಾರ್ಡಿನ ಫೋಟೊಕ್ಕೆ ಈ ಮಾನ್ಯತೆ ಇಲ್ಲ.

ಇಷ್ಟಾದರೂ ಕಾರ್ಡು ಬೇಕೇ ಬೇಕು ಎನ್ನುವವರು ನಕಲು ಪ್ರತಿಗೆ ಅರ್ಜಿ ಹಾಕಬೇಕು. ಅರ್ಜಿಯ ನಮೂನೆಯ ಹೆಸರು ಎಲ್‌ಎಲ್‌ಡಿ. ಲೈಸೆನ್ಸ್ ಕಳೆದುಹೋದ ಇಲ್ಲವೇ ಹಾಳಾದ ಸಂಗತಿಯನ್ನು ಅದರಲ್ಲಿ ತಿಳಿಸಿ, ಹೇಗೆ ಹೋಯಿತೆಂದು ಬರೆದು ಸಹಿ ಮಾಡಬೇಕು. ಈಗ ಅರ್ಜಿ ಶುರುವಾಗುವುದು sarathi.parivahan.gov.in ತಾಣದಲ್ಲಿ. ಲೈಸೆನ್ಸ್ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ ಕೊಟ್ಟರೆ ದಾಖಲೆ ತೆರೆದುಕೊಳ್ಳುತ್ತದೆ. ಇಷ್ಟರಲ್ಲಿ ಅಡ್ಡಿಯಾಗುವುದು ಎರಡೇ ವಿಷಯ. ಒಂದು ಪೊಲೀಸರ ಕಾಗದ, ಇನ್ನೊಂದು ದಾಖಲೆಯೇ ಸಿಗದಿರುವುದು.

ಪೊಲೀಸರ ಕಾಗದವನ್ನು ಕಚೇರಿ ಕೇಳುವುದಕ್ಕೆ ಕಾರಣ ಇದೆ, ಅದನ್ನು ಸುಮ್ಮನೆ ಕಿರುಕುಳ ಎನ್ನಲಾಗದು. ಕುಡಿದು ಓಡಿಸಿದಾಗ, ಮಿತಿ ಮೀರಿದ ವೇಗದಲ್ಲಿ ಹೋದಾಗ, ಹೆಲ್ಮೆಟ್ ಇಲ್ಲದಿದ್ದಾಗ ಪೊಲೀಸರು ಲೈಸೆನ್ಸನ್ನು ವಶಕ್ಕೆ ತೆಗೆದುಕೊಂಡು, ಅಮಾನತಿಗಾಗಿ ಸಾರಿಗೆ ಕಚೇರಿಗೆ ಕಳಿಸಬಹುದು. 2019ರ ತಿದ್ದುಪಡಿ 206ನೇ ಕಲಮಿಗೆ ಈ ಅಧಿಕಾರವನ್ನು ಸೇರಿಸಿತು. ಹೀಗೆ ಕಾರ್ಡು ಪೊಲೀಸರ ಬಳಿ ಇರುವಾಗ ಒಬ್ಬ ಚಾಲಕ ಕಳೆದುಹೋಯಿತು ಎಂದು ಬರೆದುಕೊಟ್ಟು ಹೊಸ ಕಾರ್ಡು ಪಡೆದರೆ ಅಮಾನತಿಗೆ ಅರ್ಥವೇ ಉಳಿಯುವುದಿಲ್ಲ. ನಕಲು ಪ್ರತಿಯ ನಿಯಮಗಳ ಹಿಂದಿರುವುದು ಈ ಭಯ. ಅರ್ಜಿದಾರನ ಲೈಸೆನ್ಸ್ ಬೇರೆ ಕಚೇರಿಯದಾಗಿದ್ದರೆ ಮೂಲ ಕಚೇರಿಯಿಂದ ಅದರ ವಿವರ, ಅದರ ಮೇಲಿನ ಷರಾಗಳನ್ನು ತರಿಸಿ ನೋಡಬೇಕು ಎಂಬ ಹಳೆಯ ಕಟ್ಟಳೆ ಬಂದದ್ದೂ ಇದಕ್ಕಾಗಿಯೇ.

ಆದರೆ ಆ ಸುಳ್ಳನ್ನು ಪೊಲೀಸರ ಕಾಗದ ಹಿಡಿಯುತ್ತದೆಯೇ? ಕಳೆದ ವಸ್ತುಗಳ ವರದಿಯನ್ನು ಈಗ ಬಹುತೇಕ ಕಡೆ ಜಾಲತಾಣದಲ್ಲೇ ಕೊಡಬಹುದು. ಪುಣೆ ಪೊಲೀಸರದ್ದೂ ಇದೆ, ಕರ್ನಾಟಕದ್ದೂ ಇದೆ. ಹೆಸರು, ವಸ್ತು, ಜಾಗ, ದಿನ ತುಂಬಿದರೆ ರಸೀದಿ ಬರುತ್ತದೆ. ಯಾವ ಪೊಲೀಸನೂ ಹೋಗಿ ವಿಚಾರಿಸುವುದಿಲ್ಲ. ಅದು ಅರ್ಜಿದಾರನ ಮಾತೇ, ಬೇರೆ ಮುದ್ರೆಯಡಿ. ಎಲ್‌ಎಲ್‌ಡಿ ನಮೂನೆಯಲ್ಲಿ ಅದೇ ಮಾತಿಗೆ ಅವನು ಆಗಲೇ ಸಹಿ ಮಾಡಿರುತ್ತಾನೆ. ಸುಳ್ಳನ್ನು ಹಿಡಿಯಬಲ್ಲದ್ದು ಒಂದೇ: ಲೈಸೆನ್ಸ್ ವಶಪಡಿಸಿಕೊಂಡ ದಿನವೇ ಆ ಸಂಗತಿ ಸಾರಥಿಯ ದಾಖಲೆಗೆ ಏರುವುದು. ಅದು ಏರಿದ್ದರೆ ಪೊಲೀಸರ ಕಾಗದ ಬೇಕಿಲ್ಲ, ಏರದಿದ್ದರೆ ಕಾಗದವಿದ್ದೂ ಪ್ರಯೋಜನವಿಲ್ಲ.

ಆದ್ದರಿಂದ ಬರಿಯ ಕಳೆತಕ್ಕೆ ಪೊಲೀಸರ ಕಾಗದ ಕೇಳುವುದನ್ನು ಸಾರಿಗೆ ಇಲಾಖೆಗಳು ಬಿಡಬೇಕು. ಓದು ಬರಹ ಬಲ್ಲವನಿಗೆ ಅದು ಹತ್ತು ನಿಮಿಷದ ಕೆಲಸ. ಮರಾಠಿ ನಮೂನೆ ತುಂಬಲು ಬಾರದ ಇಂಡಿಯ ಚಾಲಕನಿಗೆ ಅದೇ ಏಜೆಂಟನ ಬಾಗಿಲು. ಏಜೆಂಟರು ಬದುಕುವುದು ಇಂಥ, ಯಾವುದನ್ನೂ ತಡೆಯದ ಕಾಗದಗಳ ಮೇಲೆಯೇ. ವರದಿ ಇದ್ದರೆ ಕಳೆದ ದಿನಾಂಕಕ್ಕೆ ಪುರಾವೆ ಇರುತ್ತದೆ, ಮುಂದೆ ಯಾರಾದರೂ ಕಾರ್ಡನ್ನು ದುರುಪಯೋಗ ಮಾಡಿದರೆ ಮಾಲೀಕನಿಗೆ ರಕ್ಷಣೆ ಎಂಬ ವಾದದಲ್ಲಿ ಹುರುಳಿದೆ. ಬೇಕೆನ್ನುವವರು ವರದಿ ಕೊಡಲಿ. ಅದನ್ನು ಕಡ್ಡಾಯ ಮಾಡಲು ಇಷ್ಟೇ ಕಾರಣ ಸಾಲದು.

ಕಳುವಾದರೆ ಮಾತು ಬೇರೆ. ಪಾಕೀಟನ್ನು ಕತ್ತರಿಸಿ ಒಯ್ದದ್ದು ಖಚಿತವಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಕಳ್ಳತನ, ಅದಕ್ಕೆ ಎಫ್‌ಐಆರ್ ಆಗಬೇಕು. ಠಾಣೆಗೆ ಹೋದಾಗ ಕಳೆದುಹೋಗಿದೆ ಎಂದೇ ಬರೆಸಿ ಎಂಬ ಸಲಹೆ ಬಂದರೆ ಒಪ್ಪಬಾರದು. ಸುಲಭ ಎನಿಸುವ ಆ ದಾರಿ ಒಂದು ಅಪರಾಧವನ್ನು ಅಳಿಸಿ ಹಾಕುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಘಟನೆ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ದೂರು ತೆಗೆದುಕೊಳ್ಳಬೇಕು. ವಿದ್ಯುನ್ಮಾನ ರೂಪದಲ್ಲಿ ಕಳಿಸಿದ ದೂರಿಗೆ ಮೂರು ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ.

ಇಂಡಿಯ ಚಾಲಕನಿಗೆ ಬಡಿಯುವ ನಿಜವಾದ ಪೆಟ್ಟು ಇರುವುದು ಎರಡನೆಯ ಅಡ್ಡಿಯಲ್ಲಿ. ಅವನ ಬಳಿ ಲೈಸೆನ್ಸ್ ಸಂಖ್ಯೆಯೇ ಇಲ್ಲದಿರಬಹುದು. ಅದರಲ್ಲಿ 15 ಅಕ್ಷರ ಅಂಕಿಗಳಿರುತ್ತವೆ: ರಾಜ್ಯ, ಕಚೇರಿ, ಮೊದಲು ಕೊಟ್ಟ ವರ್ಷ, ಆಮೇಲೆ ಏಳು ಅಂಕಿ. ಹಳೆಯ ಚಲನ್, ವಿಮೆಯ ಅರ್ಜಿ, ಟ್ಯಾಕ್ಸಿ ಕಂಪನಿಗೆ ಕೊಟ್ಟ ಜೆರಾಕ್ಸ್ ಹುಡುಕಿದರೆ ಸಂಖ್ಯೆ ಸಿಗುತ್ತದೆ. ಸಂಖ್ಯೆ ಸಿಕ್ಕರೂ ಅವನದು ಪುಸ್ತಕ ರೂಪದ ಹಳೆಯ ಲೈಸೆನ್ಸಾಗಿದ್ದು, ಗಣಕಕ್ಕೆ ಏರದೆ ಉಳಿದಿದ್ದರೆ ಸಾರಥಿ ದಾಖಲೆ ಇಲ್ಲ ಎನ್ನುತ್ತದೆ. ಆಗ ಪುಣೆಯಲ್ಲಿ ಎಷ್ಟು ಅಲೆದರೂ ಆಗದು. ವಿಜಯಪುರದ ಕಚೇರಿಯೇ ತನ್ನ ಹಳೆಯ ವಹಿ ನೋಡಿ ನಮೂದು ಏರಿಸಬೇಕು. ಆ ನಮೂದು ಆಗದೆ ನಕಲಿಗೆ ದುಡ್ಡು ಕಟ್ಟುವುದು ವ್ಯರ್ಥ. ಎಂದೋ ಪಾಸಾದ ಪರೀಕ್ಷೆಯ ದಾಖಲೆಯನ್ನು ಗಣಕಕ್ಕೆ ಏರಿಸುವ ಹೊಣೆ ಇಲಾಖೆಯದು. ಅದಕ್ಕಾಗಿ ಚಾಲಕ ಬಾಡಿಗೆ ಬಿಟ್ಟು ಊರಿಗೆ ಹೋಗಿಬರುವಂತೆ ಮಾಡಬಾರದು. ಒಂದು ಕಚೇರಿ ಇನ್ನೊಂದು ಕಚೇರಿಯಿಂದ ವಿವರ ತರಿಸಿಕೊಳ್ಳುತ್ತಿದ್ದ ಆ ಹಳೆಯ ಕಟ್ಟಳೆ ಈ ಮಟ್ಟಿಗೆ ಚಾಲಕನ ಪರವಾಗಿತ್ತು.

ದಾಖಲೆ ಇದ್ದವರು ನೋಡಬೇಕಾದ್ದು ವಿಳಾಸ. ಕಾರ್ಡು ಅಂಚೆಯಲ್ಲಿ ಬರುವುದು ದಾಖಲೆಯಲ್ಲಿರುವ ವಿಳಾಸಕ್ಕೆ. ಅಲ್ಲಿ ಇಂಡಿಯ ಮನೆ ಇದ್ದರೆ ಕಾರ್ಡು ಇಂಡಿಗೆ ಹೋಗುತ್ತದೆ, ಬಾಗಿಲು ಹಾಕಿದ್ದರೆ ಕಚೇರಿಗೆ ಮರಳುತ್ತದೆ. ಕೋಥರೂಡದಲ್ಲೇ ನೆಲೆಸಿದವರು ಅಲ್ಲಿಯ ವಿಳಾಸದ ಪುರಾವೆ ಕೊಟ್ಟು ವಿಳಾಸ ಬದಲಾವಣೆಯನ್ನೂ ಮಾಡಿಸಿಕೊಳ್ಳುವುದು ಒಳ್ಳೆಯದು. ಅವರ ಕಚೇರಿ ಸಂಗಮ ಸೇತುವೆಯ ಬಳಿಯ ಎಂಎಚ್-12. ಇನ್ನೊಂದು ಮಾತು: ನಕಲು ಪ್ರತಿಯಿಂದ ಅವಧಿ ಹೆಚ್ಚುವುದಿಲ್ಲ. ಅವಧಿ ಮುಗಿಯಲು ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ನವೀಕರಣವನ್ನೂ ಕೇಳಬಹುದು.

ಹೊಸ ಕಾರ್ಡು ಬಂದ ಮೇಲೆ ಕಾರಿನ ಸೀಟಿನಡಿ ಹಳೆಯದು ಸಿಗುವುದೂ ಉಂಟು. ಆಗ ಹಳೆಯದನ್ನು ಸಾರಿಗೆ ಕಚೇರಿಗೆ ಒಪ್ಪಿಸಬೇಕೆಂಬುದು ನಿಯಮ. ಇರಲಿ ಎಂದು ಇಟ್ಟುಕೊಂಡವನ ಕೈಯಲ್ಲಿ ಎರಡು ಕಾರ್ಡು ಇರುತ್ತವೆ. ಒಂದನ್ನು ಪೊಲೀಸರು ಹಿಡಿದರೆ ಇನ್ನೊಂದನ್ನು ತೋರಿಸಿ ಓಡಾಡಬಹುದು. ಆ ಮೋಸವನ್ನೂ ತಡೆಯುವುದು ಅದೇ ದಿನ ಸಾರಥಿಗೆ ಏರಿದ ನಮೂದೇ ಹೊರತು ಠಾಣೆಯ ರಸೀದಿ ಅಲ್ಲ.