ಮನ್ನಾ ಮಾಡಿದ ಶುಲ್ಕಕ್ಕೂ ತೆರಿಗೆ ಏಕೆ?

ಪೆಟ್ರೋಲ್ ಬಂಕಿನಲ್ಲಿ 2,000 ರೂಪಾಯಿಗೆ ಕ್ರೆಡಿಟ್ ಕಾರ್ಡ್ ಉಜ್ಜಿದರೆ ಕೈಗೆ ಬರುವ ಚೀಟಿಯಲ್ಲಿ ಸಾಮಾನ್ಯವಾಗಿ ಅಷ್ಟೇ ಮೊತ್ತ ಇರುತ್ತದೆ. ತಿಂಗಳ ಸ್ಟೇಟ್‌ಮೆಂಟ್ ಬಂದಾಗ ಲೆಕ್ಕ ಬೇರೆ. ಶೇ 1ರ ಸರ್‌ಚಾರ್ಜ್ 20 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ 3.60. ಆಮೇಲೆ ‘ಮನ್ನಾ’ ಎಂದು 20 ರೂಪಾಯಿ ಮರಳುತ್ತದೆ, 3.60 ಮರಳುವುದಿಲ್ಲ. ಪೆಟ್ರೋಲ್ ಇನ್ನೂ ಜಿಎಸ್‌ಟಿ ವ್ಯಾಪ್ತಿಗೇ ಬಂದಿಲ್ಲ. ಗ್ರಾಹಕ ಕೊನೆಗೆ ಕೊಡದೇ ಹೋದ ಶುಲ್ಕಕ್ಕೆ ಮಾತ್ರ ಜಿಎಸ್‌ಟಿ ತೆರುತ್ತಾನೆ.

ಸರ್‌ಚಾರ್ಜ್‌ಗೆ ಕಾರಣವಿಲ್ಲವೆಂದಲ್ಲ. ಬಂಕ್ ಮಾಲೀಕರ ಕಮಿಷನ್ ಲೀಟರ್ ಲೆಕ್ಕದಲ್ಲಿ ನಿಗದಿಯಾಗಿರುವುದರಿಂದ, ಕಾರ್ಡ್ ವ್ಯವಹಾರದ ವೆಚ್ಚವನ್ನು ಅವರು ಹೊರಲೊಲ್ಲರು. ಅದು ಗ್ರಾಹಕನ ತಲೆಗೆ ಬಂತು. ಆದರೆ ಮನ್ನಾದ ನಿಯಮ ಯಾರಿಗೆ ಅನುಕೂಲ ನೋಡಿ. ಬಹುತೇಕ ಕಾರ್ಡ್‌ಗಳಲ್ಲಿ ಅದು ಅನ್ವಯಿಸುವುದು ಒಂದು ಸಲಕ್ಕೆ 400 ಅಥವಾ 500 ರೂಪಾಯಿ ಮೀರಿದ ಖರೀದಿಗೆ. ಸ್ಕೂಟರಿಗೆ 300 ರೂಪಾಯಿ ಪೆಟ್ರೋಲ್ ಹಾಕಿಸುವವರಿಗೆ ಮನ್ನಾ ಇಲ್ಲ: 3 ರೂಪಾಯಿ ಸರ್‌ಚಾರ್ಜ್, 54 ಪೈಸೆ ತೆರಿಗೆ. ಕಾರಿಗೆ 2,000 ಹಾಕಿಸಿದವರು 3.60 ಕಳೆದುಕೊಂಡರೆ, ಸ್ಕೂಟರಿನವರು 3.54! ಇದನ್ನು ಸೌಲಭ್ಯ ಎಂದು ಜಾಹೀರಾತು ಮಾಡುವುದು ಅನ್ಯಾಯ.

ಅನೇಕ ಬ್ಯಾಂಕ್‌ಗಳು ರಿವಾರ್ಡ್ ಪಾಯಿಂಟ್ ಬಳಸಲೂ 99 ರೂಪಾಯಿ ಶುಲ್ಕ ಹಾಕುತ್ತವೆ, ತೆರಿಗೆ ಸೇರಿ ಸುಮಾರು 117. ಪಾಯಿಂಟ್‌ಗೆ 25 ಪೈಸೆಯಂತೆ 2,000 ಪಾಯಿಂಟ್ ಕೂಡಿಟ್ಟವರಿಗೆ 500 ರೂಪಾಯಿಯ ಬದಲು ಕೈಗೆ ಹತ್ತುವುದು 383. ಪ್ರತಿ ಬೇಡಿಕೆಗೂ ಶುಲ್ಕ ಒಂದೇ ಆದ್ದರಿಂದ ಕಡಿಮೆ ಖರ್ಚು ಮಾಡುವವರಿಗೇ ಪೆಟ್ಟು ಹೆಚ್ಚು. ಕಾರ್ಡಿನಲ್ಲಿ ಕಟ್ಟುವ ಮನೆ ಬಾಡಿಗೆಯದೂ ಇದೇ ದಾರಿಯಾಗಿತ್ತು. 2022ರ ಅಕ್ಟೋಬರಿನಲ್ಲಿ ಒಂದು ದೊಡ್ಡ ಬ್ಯಾಂಕ್ ಶೇ 1ರ ಶುಲ್ಕ ತಂದ ಮೇಲೆ ಉಳಿದವೂ ಹಿಂಬಾಲಿಸಿದವು. ಬೆಂಗಳೂರಿನಲ್ಲಿ 20,000 ಬಾಡಿಗೆ ಕಟ್ಟಿದವರಿಗೆ ತೆರಿಗೆ ಸೇರಿ 236 ರೂಪಾಯಿ ಬಿತ್ತು. ಆ್ಯಪ್‌ನ ಶುಲ್ಕ ಬೇರೆ.

‘ಎಲ್ಲವೂ ಷರತ್ತುಗಳಲ್ಲಿದೆ’ ಎನ್ನುವುದು ಬ್ಯಾಂಕ್‌ಗಳ ಉತ್ತರ. ಶುಲ್ಕ ಬದಲಿಸುವ ಮುನ್ನ ಕನಿಷ್ಠ ಒಂದು ತಿಂಗಳ ಸೂಚನೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನವೂ ಹೇಳಿತ್ತು. ಆದರೆ ಇಮೇಲ್‌ನಲ್ಲಿ ಬಂದ ಸೂಚನೆ, ಹಣ ಕೊಡುವ ಗಳಿಗೆಯಲ್ಲಿ ಕಣ್ಣಿಗೆ ಬೀಳುವ ಮೊತ್ತಕ್ಕೆ ಸಮವಲ್ಲ. ಪಿನ್ ಒತ್ತುವ ಮೊದಲೇ ಯಂತ್ರ 2,023.60 ಎಂದು ತೋರಿಸಲಿ. ಶುಲ್ಕ ವಾಪಸ್ ಕೊಟ್ಟಾಗ ಅದರ ತೆರಿಗೆಯನ್ನೂ ಇಳಿಸಲು ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ನಿನಲ್ಲಿ ಕ್ರೆಡಿಟ್ ನೋಟ್ ಎಂಬ ದಾರಿ ಇದೆ. ಬ್ಯಾಂಕ್‌ಗಳು ಅದನ್ನು ಬಳಸುವಂತೆ, ಮನ್ನಾದ ಕನಿಷ್ಠ ಮಿತಿಯನ್ನು ತೆಗೆಯುವಂತೆ ರಿಸರ್ವ್ ಬ್ಯಾಂಕ್ ಆದೇಶಿಸಬೇಕು.